ನಮ್ಮಣ್ಣ ಹಾಕಿದ ಪೋರ್ಟು

ನಮ್ಮಣ್ಣನಿಗೆ ಸುಳ್ಳು ಹೇಳಲು ಬರುವುದಿಲ್ಲ. ಅದೊಂದೇ ಆಗಿದ್ದರೆ ಹೇಗೋ ಸಹಿಸಿಕೊಳ್ಳಬಹುದಿತ್ತು. ತಪ್ಪು ಮಾಡಲೂ ತನಗೆ ಬರುವುದಿಲ್ಲ ಎಂದು ಅವನು ನಂಬಿದ್ದ. ಒಪ್ಪಿಕೊಳ್ಳಲು ನಾಚಿಕೆಯಾಗುತ್ತದೆ, ನಾನೂ ಅದನ್ನೇ ನಂಬಿದ್ದೆ.

ನಮ್ಮದು ಮೆಟ್ಟಿಲ ಕೆಳಗಿನ ಉದ್ದನೆಯ ಕೋಣೆ. ನಡುವೆ ಒಂದು ಪ್ಲೈವುಡ್ ಹಲಗೆ. ಈಚೆ ನನ್ನ ಹೊಲಿಗೆ ಯಂತ್ರ. ಪ್ಯಾಂಟು ಗಿಡ್ಡ ಮಾಡುವುದು, ಕೆಟ್ಟ ಜಿಪ್ ಬದಲಿಸುವುದು ನನ್ನ ಕೆಲಸ. ಆಚೆ ಅವನ ಮೇಜು, ಸಾಲ್ಡರಿಂಗ್ ಕಡ್ಡಿ, ಮುಚ್ಚಳವಿಲ್ಲದ ನೂರಾರು ಡಬ್ಬಿಗಳು, ಮತ್ತೆ ಅವನ ಜೀವವೇ ಆಗಿರುವ, ವೋಲ್ಟ್ ಅಳೆಯುವ ಹಳದಿ ಮೀಟರು. ಬೀದಿಯವರೆಲ್ಲ ಅವನನ್ನು ಮೀಟರಣ್ಣ ಎನ್ನುವುದು ಅದಕ್ಕೇ. ಅಣ್ಣ ತಂಗಿ ಇಬ್ಬರಿಗೂ ಮದುವೆಯಾಗಲಿಲ್ಲ. ಅವನನ್ನು ನೋಡಲು ಬಂದ ಹೆಣ್ಣಿನ ಅಪ್ಪನ ಕೈಗಡಿಯಾರ ಎರಡು ನಿಮಿಷ ಹಿಂದಿದೆ ಎಂದು ಮೊದಲ ಮಾತಿಗೇ ಹೇಳಿದವನು ಅವನು. ನನ್ನದು ಬೇರೆ ಕಥೆ, ಅದು ಇಲ್ಲಿ ಬೇಡ.

ಮೊದಲು ರೇಡಿಯೋ ಬರುತ್ತಿದ್ದವು, ಆಮೇಲೆ ಟೇಪು, ಆಮೇಲೆ ಟೀವಿ. ಈಗ ಬರುವುದು ಇಯರ್‌ಫೋನು, ಬ್ಲೂಟೂತ್ ಸ್ಪೀಕರು. ಅದೂ ದಿನಕ್ಕೊಂದು ಬಂದರೆ ಪುಣ್ಯ. ಕೆಟ್ಟದ್ದನ್ನು ಬಿಸಾಕಿ ಹೊಸದು ತರುವ ಕಾಲದಲ್ಲಿ ಒಬ್ಬ ಮನುಷ್ಯ ತನ್ನ ಕೈಗುಣ ಹಿಡಿದುಕೊಂಡು ಕೂತಿರುವುದನ್ನು ಹಲಗೆಯ ಸಂದಿಯಿಂದ ದಿನವೂ ನೋಡುವುದು ಸುಖದ ಕೆಲಸವಲ್ಲ. ಅವನ ಹತ್ತಿರ ಉಳಿದಿದ್ದದ್ದು ಒಂದೇ, ತಾನು ಮುಟ್ಟಿದ ಸಾಮಾನು ವಾಪಸ್ ಬರುವುದಿಲ್ಲ ಎಂಬ ಹೆಮ್ಮೆ.

ಗಣಿತದ ಟೀಚರ್ ಬಂದಾಗ ಶಾಲೆ ಶುರುವಾಗಿ ಮೂರು ವಾರವಾಗಿತ್ತು. ಐವತ್ತರ ಆಸುಪಾಸಿನ ಹೆಂಗಸು, ಕುತ್ತಿಗೆಗೆ ತೆಳುವಾದ ಬಟ್ಟೆ ಸುತ್ತಿಕೊಂಡಿದ್ದರು. ಗಂಟಲಿನ ಆಪರೇಷನ್ ಆದ ಮೇಲೆ ಅವರಿಗೆ ಉಳಿದಿದ್ದದ್ದು ಪಿಸುಮಾತು ಮಾತ್ರ. ಕಾಲರಿಗೆ ಒಂದು ಚಿಕ್ಕ ಮೈಕು ಸಿಕ್ಕಿಸಿಕೊಂಡು, ಪಿಸುಗುಟ್ಟಿ, ಮೇಜಿನ ಮೇಲಿನ ಸ್ಪೀಕರಿನಿಂದ ಆರನೇ ತರಗತಿಗೆ ಪಾಠ ಹೇಳುತ್ತಿದ್ದರು. ಶಾಲೆಯವರು ಅವರನ್ನು ಪರೀಕ್ಷಾರ್ಥವಾಗಿ ವಾಪಸ್ ತೆಗೆದುಕೊಂಡಿದ್ದರು. ಮುಂದಿನ ತಿಂಗಳು ಒಂದು ಗುರುವಾರ ಮೇಲ್ವಿಚಾರಕರು ತರಗತಿಯಲ್ಲಿ ಕೂತು ನೋಡುತ್ತಾರೆ, ಸರಿ ಎಂದರೆ ತರಗತಿ ಅವರಿಗೆ, ಇಲ್ಲದಿದ್ದರೆ ಇಲ್ಲ. ಇಷ್ಟನ್ನೂ ಅವರು ಒಂದು ಚೀಟಿಯಲ್ಲಿ ಬರೆದುಕೊಂಡೇ ಬಂದಿದ್ದರು. ಎಲ್ಲೆಲ್ಲೂ ಹೇಳಿ ಹೇಳಿ ಸುಸ್ತಾಗಿತ್ತೇನೋ.

"ಅರ್ಧ ಗಂಟೆಗೇ ಸತ್ತುಹೋಗುತ್ತೆ," ಎಂದು ಪಿಸುಗುಟ್ಟಿದರು. "ಪಿನ್ನೂ ಅಲ್ಲಾಡುತ್ತೆ."

ಅಣ್ಣ ಅಡಿಯ ರಬ್ಬರು ಕಿತ್ತು, ಸ್ಕ್ರೂ ಬಿಚ್ಚಿ, ಒಳಗಿನ ಬ್ಯಾಟರಿ ಸೆಲ್ಲಿಗೆ ಮೀಟರ್ ಇಟ್ಟ. ಸುಮ್ಮನಿದ್ದಾಗ ನಾಲ್ಕು ವೋಲ್ಟಿನ ಮೇಲೇ ತೋರಿಸಿತು. ಸ್ಪೀಕರ್ ಜೋರು ಮಾಡಿದ ಕೂಡಲೇ ಮೂರರ ಹತ್ತಿರಕ್ಕೆ ಕುಸಿಯಿತು.

"ನೋಡಿ ಟೀಚರ್, ಕೂತಾಗ ಗಟ್ಟಿಮುಟ್ಟು, ಕೆಲಸ ಕೊಟ್ರೆ ಬಿದ್ದೇ ಹೋಗುತ್ತೆ. ಸೆಲ್ ಮುಗೀತು."

ಅವನ ಲೆಕ್ಕ ಸರಿಯೇ ಇತ್ತು. ಅಳತೆ ನೋಡಿ ಹೊಸ ಸೆಲ್ ಹಾಕಿದ. ಚಾರ್ಜಿಂಗ್ ಸರ್ಕಿಟ್ಟು ಸೆಲ್ಲನ್ನು ನಾಲ್ಕು ಪಾಯಿಂಟ್ ಎರಡಕ್ಕೆ ತಂದು ತಾನಾಗಿ ನಿಲ್ಲಿಸುತ್ತದೆಯೇ ಎಂದು ಕಾದು ನೋಡಿದ. ನಿಲ್ಲಿಸಿತು. ಕೊನೆಗೆ ಪೋರ್ಟು. ಚಾರ್ಜರಿನ ಪಿನ್ ಹೋಗುವ ಆ ಬಾಯಿ ಒಂದು ಪುಟ್ಟ ಸರ್ಕಿಟ್ ಹಲಗೆಯ ಮೇಲೆ ಕೂತಿತ್ತು. ಬಾಯಿ ಸಡಿಲವಾಗಿದ್ದರಿಂದ ಹಲಗೆಯನ್ನೇ ಕಿತ್ತು ಡಬ್ಬಿಗೆ ಎಸೆದು, ಅಷ್ಟೇ ಉದ್ದಗಲದ ಹೊಸ ಹಲಗೆ ಕೂರಿಸಿ ಎರಡು ತಂತಿ ಬೆಸೆದ. ಮೇಜಿನ ಕೇಬಲ್ ಹಾಕಿದ. ಕೆಂಪು ದೀಪ ಹತ್ತಿತು. ಟೀಚರ್ ಮುಖ ಅರಳಿದ್ದನ್ನು ನಾನು ಸಂದಿಯಿಂದ ಕಂಡೆ.

ನಾಲ್ಕು ದಿನಕ್ಕೆ ಅವರು ವಾಪಸ್ ಬಂದರು. "ಚಾರ್ಜೇ ಆಗ್ತಿಲ್ಲ. ಕೆಂಪು ದೀಪ ಬರಲ್ಲ."

ಅಣ್ಣ ಮೇಜಿನ ಕೇಬಲ್ ಚುಚ್ಚಿದ. ದೀಪ ಹತ್ತಿತು. "ಬರುತ್ತಲ್ಲ!" ಎಂದ. ಅದನ್ನು ಪೂರ್ತಿ ಚಾರ್ಜ್ ಮಾಡಿ ಕೊಟ್ಟು ಕಳಿಸಿದ. ಹೊಸ ಸೆಲ್ ಗಟ್ಟಿಯಾಗಿತ್ತು, ಮೂರು ದಿನದ ಪಾಠಕ್ಕೆ ಬಂತು. ಆಮೇಲೆ ಮತ್ತೆ ಸತ್ತಿತು. ಸತ್ತ ಸ್ಪೀಕರ್ ಹಿಡಿದು ಅವರು ಮೂರನೇ ಸಲ ಬಂದದ್ದು ಮೇಲ್ವಿಚಾರಕರು ಬರುವ ಗುರುವಾರದ ಹಿಂದಿನ ಸೋಮವಾರ.

ಆ ಹೊತ್ತಿಗೆ ಅಣ್ಣನ ಕೋಪ ಮೂಗಿನ ತುದಿಗೆ ಬಂದಿತ್ತು. ಆದರೂ ಬಿಚ್ಚಿದ. ಬೆಸುಗೆಯನ್ನೆಲ್ಲ ಮತ್ತೆ ಮಾಡಿದ. ಚೆನ್ನಾಗಿದ್ದ ಚಾರ್ಜಿಂಗ್ ಚಿಪ್ಪನ್ನೂ ಅನುಮಾನಕ್ಕೆ ಬದಲಿಸಿದ. ಮೇಜಿನ ಕೇಬಲ್ ಹಾಕಿದರೆ ಅದೇ ಕೆಂಪು ದೀಪ.

ಟೀಚರ್ ಚೀಲದಿಂದ ತಮ್ಮ ಚಾರ್ಜರ್ ತೆಗೆದು ಮುಂದೆ ಚಾಚಿದರು. ನಾನು ದಪ್ಪ ಪರದೆಯೊಂದರ ಅಂಚು ಹೊಲಿಯುತ್ತಿದ್ದೆ, ಯಂತ್ರ ಕಿವಿಗಡಚಿಕ್ಕುತ್ತಿತ್ತು. ಅವರು ಏನೋ ಹೇಳಿದರು. ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಿದರು. ಯಂತ್ರ ನಿಲ್ಲಿಸಬೇಕು ಎಂದು ನನಗೆ ಹೊಳೆಯಲೇ ಇಲ್ಲ. ಅಣ್ಣ ಬಗ್ಗಿ ಕಿವಿ ಕೊಟ್ಟ. ಅವರು ಕೇಳಿದ್ದೇನೆಂದು ಅವನು ನನಗೆ ಹೇಳಿದ್ದು ಆಮೇಲೆ.

"ಇದ್ರಲ್ಲಿ ಹಾಕಿ ನೋಡ್ತೀರಾ? ಮುಂಚೆ ಇದ್ರಲ್ಲೇ ಆಗ್ತಿತ್ತು."

"ಅದ್ರಲ್ಲಿ ನಿಮ್ಮ ಫೋನ್ ಚಾರ್ಜ್ ಆಗುತ್ತಾ?"

ಅವರು ಹೌದೆಂದು ತಲೆಯಾಡಿಸಿದರು.

"ಹಾಗಾದ್ರೆ ಚಾರ್ಜರ್ ಚೆನ್ನಾಗಿದೆ. ಇಲ್ಲಿ ಸ್ಪೀಕರೂ ಚಾರ್ಜ್ ಆಗ್ತಿದೆ, ಅದೂ ಚೆನ್ನಾಗಿದೆ. ಇನ್ನು ಉಳಿದಿದ್ದು ಯಾರು, ನೀವೇ ಹೇಳಿ. ಗಣಿತದ ಟೀಚರ್ ಅಲ್ವಾ?"

ನಾನು ನಕ್ಕುಬಿಟ್ಟೆ. ಅದು ಟೀಚರಿಗೆ ಕೇಳಿಸಿತು. ಅವರೂ ಸ್ವಲ್ಪ ನಕ್ಕರು, ಬೇರೆ ದಾರಿ ಇಲ್ಲದವರು ನಗುವ ಹಾಗೆ. ಚಾರ್ಜರ್ ಚೀಲಕ್ಕೆ ವಾಪಸ್ ಹೋಯಿತು. ಅಣ್ಣ ಸ್ಪೀಕರನ್ನು ಒಂದಷ್ಟು ಚಾರ್ಜ್ ಮಾಡಿ ಕೊಟ್ಟು, ಕಾಗದದ ಮೇಲೆ ದಪ್ಪಕ್ಷರದಲ್ಲಿ ಬರೆದುಕೊಟ್ಟ: ಪಿನ್ ಪೂರ್ತಿ ಒಳಗೆ ತಳ್ಳಿ. ಗೋಡೆಯ ಸ್ವಿಚ್ ನೋಡಿ. ಅವಸರ ಮಾಡಬೇಡಿ.

ಎರಡು ವಾರ ಅವರ ಸುದ್ದಿಯಿಲ್ಲ. "ನೋಡಿದ್ಯಾ, ಕಲಿತ್ರು," ಎಂದ ಅಣ್ಣ.

ಆಮೇಲೆ ಅವರ ತಂಗಿ ಬಂದಳು. ಸ್ಪೀಕರು, ಮೈಕು, ಚಾರ್ಜರು ಎಲ್ಲವನ್ನೂ ಒಂದೇ ಚೀಲಕ್ಕೆ ಹಾಕಿ ತಂದು ಮೇಜಿನ ಮೇಲಿಟ್ಟಳು. "ಬಿಡಿಭಾಗಕ್ಕೆ ಬೇಕಾದ್ರೆ ಇಟ್ಕೊಳ್ಳಿ. ಅಕ್ಕನಿಗೆ ಇದು ಕಣ್ಣಿಗೆ ಬೀಳೋದೇ ಬೇಡವಂತೆ."

ಅವಳು ಹೇಳಿದ್ದು ಇಷ್ಟು: ಗುರುವಾರ ಪಾಠ ಶುರುವಾಗಿ ಹತ್ತು ನಿಮಿಷಕ್ಕೆ ಸ್ಪೀಕರ್ ನಿಂತುಹೋಗಿತ್ತು. ಹಿಂದಿನ ರಾತ್ರಿ ಅಕ್ಕ ಅಣ್ಣ ಬರೆದುಕೊಟ್ಟ ಕಾಗದದಲ್ಲಿ ಇದ್ದಂತೆಯೇ ಮಾಡಿದ್ದಳು, ಪಿನ್ ತಳ್ಳಿ ತಳ್ಳಿ ಹೆಬ್ಬೆರಳು ಕೆಂಪಾಗಿತ್ತು. ತರಗತಿಯಲ್ಲಿ ಬೋರ್ಡಿನ ಮೇಲೆ ಬರೆಯುತ್ತಾ, ಬೆಂಚಿನಿಂದ ಬೆಂಚಿಗೆ ಓಡಿ ಕಿವಿಯಲ್ಲಿ ಹೇಳುತ್ತಾ ಅರ್ಧ ಗಂಟೆ ಒದ್ದಾಡಿದಳಂತೆ. ಹಿಂದಿನ ಬೆಂಚಿನಲ್ಲಿ ಕೂತಿದ್ದ ಮೇಲ್ವಿಚಾರಕರು ಗಡಿಯಾರ ನೋಡಿ ಎದ್ದುಹೋದರಂತೆ. ಈಗ ಅಕ್ಕನನ್ನು ಕಡತದ ಕೋಣೆಗೆ ಹಾಕಿದ್ದಾರೆ, ಹಳೆಯ ಹಾಜರಿ ಪುಸ್ತಕಗಳನ್ನು ವರ್ಷದ ಪ್ರಕಾರ ಜೋಡಿಸುವ ಕೆಲಸ.

ತಂಗಿ ಹೋದ ಮೇಲೆ ಅಣ್ಣ ಬಹಳ ಹೊತ್ತು ಆ ಚೀಲವನ್ನು ಮುಟ್ಟಲಿಲ್ಲ. ಆಮೇಲೆ, ತಾನು ಸರಿ ಎಂದು ತನಗೇ ತೋರಿಸಿಕೊಳ್ಳಲೋ ಏನೋ, ಟೀಚರ್ ಚಾರ್ಜರನ್ನು ಗೋಡೆಗೆ ಹಾಕಿ ಇನ್ನೊಂದು ತುದಿಯನ್ನು ಸ್ಪೀಕರಿಗೆ ಚುಚ್ಚಿದ. ದೀಪ ಹತ್ತಲಿಲ್ಲ. ಮೇಜಿನ ಕೇಬಲ್ ಹಾಕಿದ, ಹತ್ತಿತು. ಮತ್ತೆ ಅವರದು, ಇಲ್ಲ.

"ಏನಾಯ್ತಣ್ಣಾ?" ಎಂದೆ.

ಅವನು ಎರಡೂ ಕೇಬಲ್ ಎತ್ತಿ ಹಿಡಿದ. ಅವನ ಮೇಜಿನದಕ್ಕೆ ಒಂದು ತುದಿ ಹಳೆಯ ಕಾಲದ ಅಗಲ ಮೂತಿ. ಟೀಚರ್ ಕೇಬಲಿಗೆ ಎರಡೂ ತುದಿ ಒಂದೇ, ಸಣ್ಣ ದುಂಡನೆಯ ಮೂತಿ. ಆಮೇಲೆ ಡಬ್ಬಿಯನ್ನು ಮೇಜಿನ ಮೇಲೆ ಸುರಿದು ಕೆದಕಿ, ಆ ಸ್ಪೀಕರಿನ ಹಳೆಯ ಪೋರ್ಟ್ ಹಲಗೆಯನ್ನು ಹುಡುಕಿ ತೆಗೆದ. ಭೂತಗನ್ನಡಿ ಇಟ್ಟು ನನ್ನನ್ನು ಕರೆದ. ಪೋರ್ಟಿನ ಪಕ್ಕದಲ್ಲಿ ಸಾಸಿವೆಗಿಂತ ಚಿಕ್ಕ ಎರಡು ಕರಿಯ ಚುಕ್ಕೆಗಳಿದ್ದವು. ಅವನು ಹಾಕಿದ ಹೊಸ ಹಲಗೆಯಲ್ಲಿ ಅವು ಇರಲಿಲ್ಲ.

"ರೆಸಿಸ್ಟರ್ ಕಣೇ. ನನ್ನ ಹಳೇ ಚಾರ್ಜರ್ ಕಣ್ಣು ಮುಚ್ಕೊಂಡು ಕರೆಂಟ್ ಕೊಡುತ್ತೆ. ಈ ಹೊಸ ಥರದ್ದು ಮೊದಲು ಈ ಎರಡನ್ನ ಹುಡುಕುತ್ತೆ. ಸಿಗದಿದ್ರೆ ಆಚೆ ಯಾರೂ ಇಲ್ಲ ಅನ್ಕೊಂಡು ಸುಮ್ಮನಿರುತ್ತೆ. ಫೋನಲ್ಲಿ ಇರ್ತವೆ, ಅದಕ್ಕೇ ಫೋನ್ ಚಾರ್ಜ್ ಆಗ್ತಿತ್ತು." ಅವನು ಭೂತಗನ್ನಡಿ ಕೆಳಗಿಟ್ಟ. "ಕೆಟ್ಟಿರಲಿಲ್ಲ. ನಾನೇ ಕೆಡಿಸಿದೆ."

ಟೀಚರ್ ಅದನ್ನೇ ಹೇಳಲು ಬಂದಿದ್ದರು. ಕೈಯಲ್ಲಿ ಹಿಡಿದು ತೋರಿಸಿದ್ದರು. ದನಿಯಿದ್ದ ನಾವಿಬ್ಬರೂ ಸೇರಿ ದನಿಯಿಲ್ಲದವರ ಬಾಯಿ ಮುಚ್ಚಿಸಿದ್ದೆವು. ಆ ನಗುವನ್ನು ಈಗ ಎಲ್ಲಿಂದ ವಾಪಸ್ ತರಲಿ?

ಎರಡು ರೆಸಿಸ್ಟರ್ ಬೆಸೆಯಲು ಅವನಿಗೆ ಹತ್ತು ನಿಮಿಷ ಸಾಕಾಯಿತು. ಅಂಗಡಿಗೆ ಬೀಗ ಹಾಕಿ ಇಬ್ಬರೂ ಶಾಲೆಗೆ ಹೋದೆವು.

ಕಡತದ ಕೋಣೆಯ ಕಿಟಕಿ ಗೋಡೆಗೆ ಮುಖ ಮಾಡಿತ್ತು. ಟೀಚರ್ ಧೂಳು ತಡೆಯಲು ಮೂಗಿಗೆ ಬಟ್ಟೆ ಕಟ್ಟಿಕೊಂಡು ನೆಲದ ಮೇಲೆ ಕೂತಿದ್ದರು. ಅಣ್ಣ ಅವರ ಚಾರ್ಜರನ್ನು ಗೋಡೆಗೆ ಹಾಕಿ ಸ್ಪೀಕರಿಗೆ ಚುಚ್ಚಿದ. ಕೆಂಪು ದೀಪ ಹತ್ತಿತು. ಟೀಚರ್ ಅದನ್ನು ನೋಡಿದರು, ತಮ್ಮ ಹೆಬ್ಬೆರಳನ್ನೂ ನೋಡಿಕೊಂಡರು.

"ನಾನು ಸರಿಯಾಗೇ ಹಾಕ್ತಿದ್ನಾ?" ಎಂದರು. ಕೋಣೆ ಮೌನವಾಗಿದ್ದರಿಂದ ಪಿಸುಮಾತು ಸ್ಪಷ್ಟವಾಗಿ ಕೇಳಿಸಿತು.

"ಸರಿಯಾಗೇ ಹಾಕ್ತಿದ್ರಿ ಟೀಚರ್. ತಪ್ಪು ನಂದು. ನಾನೇ ಹೋಗಿ ಹೇಳ್ತೀನಿ."

"ಬೇಡ," ಎಂದರು ಅವರು. ಅಣ್ಣ ನಿಲ್ಲಲಿಲ್ಲ.

ಮುಖ್ಯೋಪಾಧ್ಯಾಯಿನಿ ಕೆಟ್ಟವರಲ್ಲ. ಅಣ್ಣ ಸೆಲ್ಲು, ಚಿಪ್ಪು, ಪೋರ್ಟು, ಕಾಳಿನಷ್ಟೂ ದೊಡ್ಡದಲ್ಲದ ಆ ರೆಸಿಸ್ಟರು ಎಂದು ವಿವರಿಸುವುದನ್ನೆಲ್ಲ ತಾಳ್ಮೆಯಿಂದ ಕೇಳಿದರು. ಇನ್ನೊಂದು ಅವಕಾಶ ಕೊಡಿ ಎಂದು ಅವನು ಕೈ ಮುಗಿದ. ನಮ್ಮಣ್ಣ ಕೈ ಮುಗಿದದ್ದನ್ನು ನಾನು ಜೀವಮಾನದಲ್ಲಿ ಮೊದಲ ಸಲ ಕಂಡೆ. ಅವರು ಕಪಾಟಿನಿಂದ ಒಂದು ಕಾಗದ ತೆಗೆದು ಅವನ ಮುಂದಿಟ್ಟರು.

"ಯಂತ್ರ ಕೆಟ್ಟಿತ್ತು ಅಂತ ಬರೆದುಕೊಡಿ, ಇನ್ನೊಂದು ದಿನ ಗೊತ್ತು ಮಾಡ್ತೀನಿ ಅಂತ ಟೀಚರಿಗೆ ನಾನೇ ಹೇಳಿದ್ದೆ. ಅವರು ಬರೆದಿದ್ದು ಇದು. ಮೇಲಿನವರಿಗೂ ಹೋಗಿದೆ, ತೀರ್ಮಾನವೂ ಆಗಿದೆ. ಈಗ ನನ್ನ ಕೈಲಿ ಏನೂ ಇಲ್ಲ."

ಕೈಬರಹ ದುಂಡಗಿತ್ತು, ಬೋರ್ಡಿನ ಮೇಲೆ ಬರೆದು ಪಳಗಿದ ಅಕ್ಷರ. 'ಸ್ಪೀಕರಿನಲ್ಲಿ ಯಾವ ದೋಷವೂ ಇರಲಿಲ್ಲ. ರಿಪೇರಿಯವರು ನನ್ನೆದುರಿಗೇ ಮೂರು ಸಲ ಪರೀಕ್ಷಿಸಿ ತೋರಿಸಿದ್ದಾರೆ. ಅವರ ಮೇಲೆ ಸುಳ್ಳು ಹೊರಿಸಲಾರೆ. ಚಾರ್ಜ್ ಮಾಡಿಕೊಳ್ಳಲು ನನಗೇ ಬರಲಿಲ್ಲ.' ಕೆಳಗೆ ಸಹಿ, ತಾರೀಖು.

ಅಣ್ಣ ಅದನ್ನು ಓದಿ, ಇನ್ನೊಮ್ಮೆ ಓದಿ, ಹುಷಾರಾಗಿ ಮೇಜಿನ ಮೇಲೆ ವಾಪಸ್ ಇಟ್ಟ. ಗೇಟಿನ ಹತ್ತಿರ ಬಂದಾಗ ಕಂಬಿ ಹಿಡಿದು ನಿಂತ.

"ಅವರು ನನ್ನನ್ನ ನಂಬಿದ್ರು ಕಣೇ," ಎಂದ. "ತಮ್ಮ ಕೈಯನ್ನೇ ನಂಬ್ಲಿಲ್ಲ, ನನ್ನನ್ನ ನಂಬಿದ್ರು."