ಸನೋಬರ್ ಅಂದ ಒಂದು ‘ಇರ್ಲಿ’

ಸನೋಬರ್ ಮಲಗುವುದು ಹರಿಹರದಲ್ಲಿ, ದುಡಿಯುವುದು ದಾವಣಗೆರೆಯಲ್ಲಿ. ದಾವಣಗೆರೆಯ ಮಂಡಿಪೇಟೆಯಲ್ಲಿ ಒಂದು ಬಟ್ಟೆ ಅಂಗಡಿ, ಅದರ ಮೇಲಿನ ಮಹಡಿಯಲ್ಲಿ ಮಹೇಂದ್ರ ಎಂಬುವರ ಸಣ್ಣ ಕಂಪನಿ. ಶಾಲೆ, ಟ್ರಸ್ಟು, ಟ್ಯೂಷನ್‌ನವರಿಗೆ ಆನ್‌ಲೈನ್ ಪರೀಕ್ಷೆ ನಡೆಸಿಕೊಡುವುದು ಅಲ್ಲಿಯ ಕಸುಬು. ಪರೀಕ್ಷೆ ನಡೆಯುವಾಗ ಸರ್ವರ್‌ಗಳು ಬೀಳದಂತೆ ನೋಡಿಕೊಳ್ಳುವುದು ಸನೋಬರಳ ಪಾಲಿನ ಕೆಲಸ. ‘ಮಗಳು ಏನು ಮಾಡ್ತಾಳೆ?’ ಎಂದು ಯಾರಾದರೂ ಕೇಳಿದರೆ ತಾಯಿ ಮೆಹರ್ ಬಾನು, ‘ಕಂಪ್ಯೂಟರ್ ಕಾಯ್ತಾಳೆ’ ಎನ್ನುತ್ತಾರೆ. ಎಮ್ಮೆ ಕಾಯುವವರ ಹಾಗೆ ಹೇಳುತ್ತಾರೆಂದು ಸನೋಬರಳಿಗೆ ಸಿಟ್ಟು. ಆದರೆ ಅದಕ್ಕಿಂತ ಸರಿಯಾಗಿ ಹೇಳಲು ಇಷ್ಟು ವರ್ಷಗಳಲ್ಲಿ ಅವಳಿಗೂ ಬಂದಿಲ್ಲ.

ಅವಳ ಸಿಟ್ಟಿನ ಬಗ್ಗೆ ಆಫೀಸಿನಲ್ಲಿ ಬೇಕಾದಷ್ಟು ಕತೆಗಳಿವೆ. ಮೂಗಿನ ತುದಿಯಲ್ಲೇ ಇರುತ್ತದೆ, ಬಂದ ಹಾಗೇ ಹೋಗುತ್ತದೆ. ಮಾತೋ, ತೀರ ಮೊಟಕು. ಮೂರು ಮಾತಿನಲ್ಲಿ ಹೇಳಬೇಕಾದ್ದನ್ನು ಒಂದರಲ್ಲಿ ಮುಗಿಸಿ ಎದ್ದು ಹೋಗುವ ಜಾತಿ.

ಆ ಭಾನುವಾರದ ಪರೀಕ್ಷೆ ಒಂದು ಟ್ರಸ್ಟಿನದು, ಮನೆಯಲ್ಲೇ ಕೂತು ಫೋನಿನಲ್ಲಿ ಬರೆಯುವಂಥದ್ದು. ಎಸ್ಸೆಸ್ಸೆಲ್ಸಿ ಮುಗಿಸಿದ ಹಳ್ಳಿ ಹುಡುಗಿಯರಿಗೆ ಪಿಯುಸಿ ಓದು, ಹಾಸ್ಟೆಲ್ಲು ಎರಡೂ ಪುಕ್ಕಟೆ. ಗೆದ್ದವರು ಓದುತ್ತಾರೆ, ಉಳಿದವರಲ್ಲಿ ಎಷ್ಟೋ ಮಂದಿಯ ಓದು ಅಲ್ಲಿಗೇ ನಿಲ್ಲುತ್ತದೆ. ಶುರುವಾದ ಅರ್ಧ ಗಂಟೆಗೆ ಬಾಗಿಲು ಮುಚ್ಚುತ್ತದೆ, ಆಮೇಲೆ ಯಾರೂ ಒಳಗೆ ಬರುವಂತಿಲ್ಲ. ಇನ್ನೊಂದು ಅವಕಾಶವೂ ಇಲ್ಲ.

‘ಎಷ್ಟು ಮಷೀನ್ ಹಚ್ಚಬೇಕ್ರಿ?’ ಎಂದು, ಕ್ಲೌಡ್ ಕಂಪನಿಯ ಮುಂಬೈ ಕೇಂದ್ರದಿಂದ ಬಾಡಿಗೆಗೆ ಪಡೆಯುವ ಸರ್ವರ್‌ಗಳ ಬಗ್ಗೆ ಮಹೇಂದ್ರ ಮೊದಲೇ ಕೇಳಿದ್ದರು. ‘ನಾಲ್ಕು ಸಾಕು ಸರ್. ಜನ ಬಂದಂಗೆ ಆಟೋಸ್ಕೇಲರ್ ತಾನೇ ಹೆಚ್ಚಿಗೆ ಮಾಡ್ತೈತೆ, ಹದಿನಾಲ್ಕರ ತನಕ’ ಎಂದು ಸನೋಬರ್ ಭರವಸೆ ಕೊಟ್ಟಿದ್ದಳು. ಹರಿಹರದ ಆಟೋಗಳೂ ಸೀಟು ತುಂಬದೆ ಹೊರಡುವುದಿಲ್ಲ, ಆ ಮಾತು ಅವಳಿಗೆ ಅವತ್ತು ಹೊಳೆಯಲಿಲ್ಲ.

ಪರೀಕ್ಷೆ ಶುರುವಾಯಿತು. ಹುಡುಗಿಯರೆಲ್ಲ ಗಂಟೆ ಹೊಡೆಯುವುದನ್ನೇ ಕಾಯುತ್ತಿದ್ದವರಂತೆ ಒಟ್ಟಿಗೇ ನುಗ್ಗಿದರು. ಪರದೆಯ ಮೇಲೆ ಸರ್ವರ್‌ಗಳ ಭಾರ ತೋರಿಸುವ ಗೆರೆ ನೆಟ್ಟಗೆ ಮೇಲೆದ್ದಿತು. ಫೋನು ಹೊಡೆದುಕೊಳ್ಳತೊಡಗಿತು. ಕರೆ ಮಾಡಿದವರೆಲ್ಲರದೂ ಒಂದೇ ದೂರು: ಬಿಳಿ ಪುಟ ಬರುತ್ತದೆ, ಸುತ್ತುತ್ತದೆ, ಒಳಗೆ ಬಿಡುವುದಿಲ್ಲ.

‘ಸಿಪಿಯು ಎಷ್ಟೈತೆ ನೋಡು’ ಎಂದಳು ಸನೋಬರ್, ಪಕ್ಕದ ದಿನೇಶನಿಗೆ. ದಿನೇಶ ಅವಳ ಕೈಕೆಳಗೆ ಕೆಲಸ ಮಾಡುವ ಎಂಜಿನಿಯರು, ಮಾಯಕೊಂಡದವನು, ಹೇಳಿದ್ದನ್ನು ಅಕ್ಷರ ಬಿಡದೆ ಮಾಡುವವನು.

‘ತೊಂಬತ್ತು ದಾಟೈತ್ರಿ ಮೇಡಂ. ಅಲಾರಂ ಹೊಡದೈತೆ. ಎರಡು ಮಷೀನ್ ಬಂದಾವು, ಈಗ ಆರು. ಆಮೇಲೆ ಸುಮ್ನೆ ಕುಂತೈತೆ.’

ಅಂದರೆ ಅಳತೆ ಸರಿಯಿದೆ, ಲೋಡು ಕಂಡಿದೆ, ಒಮ್ಮೆ ಕೆಲಸವನ್ನೂ ಮಾಡಿದೆ. ಹಾಗಾದರೆ ಕಾಯುತ್ತಿರುವುದು ಯಾತಕ್ಕೆ? ಸನೋಬರ್ ನಿಯಮ ತೆರೆದಳು. ಒಮ್ಮೆ ಯಂತ್ರ ಸೇರಿಸಿದ ಮೇಲೆ ಮುಂದಿನ ಹೆಜ್ಜೆಗೆ ಮೊದಲು ಒಂದಿಷ್ಟು ಹೊತ್ತು ಸುಮ್ಮನಿರಬೇಕು. ಹೊಸ ಯಂತ್ರ ಭಾರ ಹೊರುತ್ತದೋ ಇಲ್ಲವೋ ನೋಡಬೇಕು. ಅದಕ್ಕೆ ಕೂಲ್‌ಡೌನ್ ಎನ್ನುತ್ತಾರೆ. ಹಿಂದೊಮ್ಮೆ ಯಂತ್ರಗಳು ಸುಮ್ಮಸುಮ್ಮನೆ ಬಂದು ಹೋಗಿ ಮಾಡಿದವೆಂದು ಅದನ್ನು ಹತ್ತು ನಿಮಿಷಕ್ಕೆ ಏರಿಸಿದ್ದವಳು ಅವಳೇ. ಸಾಧಾರಣ ದಿನಕ್ಕೆ ಅದು ಜಾಣತನ. ಬಾಗಿಲು ಅರ್ಧ ಗಂಟೆಗೆ ಮುಚ್ಚುವ ದಿನಕ್ಕೆ ಶುದ್ಧ ಪೆದ್ದುತನ.

ಅವಳು ಅದನ್ನು ಒಂದು ನಿಮಿಷಕ್ಕೆ ಇಳಿಸಿ, ಬೇಕಾದ ಯಂತ್ರಗಳ ಸಂಖ್ಯೆಯನ್ನು ಕೈಯಾರೆ ಹದಿನಾಲ್ಕು ಮಾಡಿದಳು. ‘ಈಗ ಬರ್ತಾವೆ’ ಎಂದಳು.

ಬರಲಿಲ್ಲ. ಬೇಕಾದ್ದು ಹದಿನಾಲ್ಕು, ಇರುವುದು ಆರು. ಸನೋಬರಳಿಗೆ ಹೆದರಿಕೆಯಾಯಿತು. ಆಟೋಸ್ಕೇಲರ್ ಏನೇನು ಮಾಡಲು ಹೋಯಿತೆಂಬ ಚರಿತ್ರೆಯ ಪುಟ ತೆರೆದಳು. ಸಾಲುಸಾಲಾಗಿ ವಿಫಲ, ವಿಫಲ, ವಿಫಲ. ಕಾರಣವೂ ಅಲ್ಲೇ ಇತ್ತು: ನಿಮ್ಮ ಖಾತೆಗೆ ಮುಂಬೈ ಕೇಂದ್ರದಲ್ಲಿ ಕೊಟ್ಟಿರುವ ಕೋಟಾ ಮುಗಿದಿದೆ.

‘ಕೋಟಾ ಹದಿನಾಲ್ಕು ಮಷೀನಿಗೆ ಐತಲ್ಲೋ. ನಮ್ಮವು ಆರು. ಉಳಿದ ಎಂಟು ಯಾರು ತಿಂದ್ರು?’

ದಿನೇಶ ಪಟ್ಟಿ ತೆಗೆದ. ಎಂಟು ಯಂತ್ರಗಳು ಯಾರಿಗೂ ಬೇಡವಾಗಿ ಉರಿಯುತ್ತಿದ್ದವು. ಹಿಂದಿನ ವಾರದ ತಾಲೀಮಿನಲ್ಲಿ ಸುಳ್ಳು ವಿದ್ಯಾರ್ಥಿಗಳನ್ನು ಹುಟ್ಟಿಸಲು ಹಚ್ಚಿದ್ದವು. ಆ ಸುಳ್ಳು ವಿದ್ಯಾರ್ಥಿಗಳು ಪಾಪ, ಒಬ್ಬರ ಹಿಂದೊಬ್ಬರು ಸಾವಧಾನವಾಗಿ ಬಂದಿದ್ದರಿಂದ ಅವತ್ತು ಆರೇ ಸಾಕಾಗಿತ್ತು, ಕೋಟಾದ ಗೋಡೆ ಯಾರ ತಲೆಗೂ ಬಡಿದಿರಲಿಲ್ಲ. ಬಳಕೆಯಿಲ್ಲದ ಯಂತ್ರಗಳನ್ನು ಪ್ರತಿದಿನ ಸಂಜೆ ಆರಿಸುವ ಒಂದು ಸ್ಕ್ರಿಪ್ಟೂ ಇತ್ತು. ಅದು ಇವನ್ನು ಮುಟ್ಟಿರಲಿಲ್ಲ, ಯಾಕೆಂದರೆ ಎಂಟಕ್ಕೂ ‘ಮುಟ್ಟಬೇಡ’ ಎಂಬ ಚೀಟಿ ಅಂಟಿಸಲಾಗಿತ್ತು.

‘ಈ ಚೀಟಿ ಯಾಕೋ ಹಚ್ಚಿದಿ?’

‘ನೀವೇ ಹೇಳಿದ್ರಲ್ರಿ. ಮಷೀನ್ ತೆಗೀಲೇನ್ರಿ ಅಂತ ಕೇಳಿದೆ. ಇರ್ಲಿ ಅಂದ್ರಿ.’

ಅಂದಿದ್ದಳು. ಬಸ್ಸಿಗೆ ಹೊತ್ತಾಗಿತ್ತು, ಬ್ಯಾಗು ಹೆಗಲಿಗೇರಿಸುತ್ತ ಅಂದಿದ್ದಳು. ನೀನು ತೊಂದರೆ ತಗೊಬೇಡ, ನಾನೇ ತೆಗೀತೀನಿ ಎಂಬುದು ಅವಳ ಲೆಕ್ಕ, ಆಮೇಲೆ ಮರೆತೇಬಿಟ್ಟಿದ್ದಳು. ಊಟಕ್ಕೆ ಕೂತವರು ಇನ್ನಷ್ಟು ಅನ್ನ ಬಡಿಸಲು ಬಂದರೆ ಇರ್ಲಿ ಎನ್ನುತ್ತಾರಲ್ಲ, ಆ ಇರ್ಲಿ. ದಿನೇಶ ಕೇಳಿಸಿಕೊಂಡದ್ದು ಮಾತ್ರ ಇದ್ದದ್ದು ಇದ್ದ ಹಾಗೇ ಇರಲಿ ಎಂಬ ಇರ್ಲಿ. ಹೇಳಿದ್ದೂ ಕನ್ನಡ, ಕೇಳಿದ್ದೂ ಕನ್ನಡ, ಯಾರನ್ನು ದೂರುವುದು? ಸಿಟ್ಟು ಮೂಗಿನ ತನಕ ಬಂದು, ಹೋಗಲು ದಾರಿ ಕಾಣದೆ ಅಲ್ಲೇ ಇಂಗಿತು.

ಕೋಟಾ ಹೆಚ್ಚಿಸಿ ಎಂದು ಅರ್ಜಿ ಹಾಕಿದರೆ ಉತ್ತರ ಬರುವುದು ಯಾವಾಗಲೋ. ಆ ಎಂಟನ್ನು ನಿಲ್ಲಿಸುವುದೇ ಹತ್ತಿರದ ದಾರಿ. ಸನೋಬರ್ ನಿಲ್ಲಿಸಿದಳು. ಜಾಗ ತೆರವಾಗುತ್ತಿದ್ದಂತೆ ಆಟೋಸ್ಕೇಲರ್ ಮತ್ತೆ ಪ್ರಯತ್ನಿಸಿತು, ಈ ಸಲ ವಿಫಲ ಎನ್ನಲಿಲ್ಲ. ಹೊಸ ಯಂತ್ರಗಳು ಏಳಲು, ಆರೋಗ್ಯ ತಪಾಸಣೆ ಮುಗಿಸಿ ಸಾಲಿಗೆ ನಿಲ್ಲಲು ಇನ್ನೂ ಕೆಲವು ನಿಮಿಷ ಹಿಡಿಯಿತು. ಹದಿನಾಲ್ಕೂ ನಿಂತು, ಗೆರೆ ಇಳಿಯುವ ಹೊತ್ತಿಗೆ ಬಾಗಿಲು ಮುಚ್ಚುವ ಗಳಿಗೆ ಬಂದೇಬಿಟ್ಟಿತ್ತು. ಹೊರಗೆ ಉಳಿದವರು ಇನ್ನೂ ಬಹಳ ಮಂದಿ.

ಅಷ್ಟರಲ್ಲಿ ಮಹೇಂದ್ರ ಮೆಟ್ಟಿಲು ಹತ್ತಿ ಬಂದರು. ‘ನೆಟ್‌ವರ್ಕ್ ಪ್ರಾಬ್ಲಂ ಇತ್ತು ಅಂತ ಟ್ರಸ್ಟಿನೋರಿಗೆ ಹೇಳ್ರಿ. ಮುಗೀತದೆ.’

‘ಬ್ಯಾಡ್ರಿ ಸರ್. ನೆಟ್‌ವರ್ಕ್ ಅಂದ್ರೆ ತಪ್ಪು ಹುಡುಗೀರ ಕಡೀದು ಆಗ್ತೈತೆ. ಅದಕ್ಕೆ ಟೈಮ್ ಕೊಡಲ್ಲ ಅಂತ ಅವರ ನಿಯಮದಾಗೇ ಐತೆ.’

‘ನಮ್ದು ಅಂದ್ರೆ ಮುಂದಿನ ವರ್ಷದ ಕೆಲಸ ಹೋಗ್ತೈತಲ್ರಿ.’

‘ನಂದು ಅಂತ ಹೇಳ್ತೀನಿ’ ಎಂದು ಸನೋಬರ್ ಫೋನೆತ್ತಿದಳು.

ಟ್ರಸ್ಟಿನ ಕಾರ್ಯದರ್ಶಿ ಭರಮಣ್ಣ ವಯಸ್ಸಾದ ವಕೀಲರು, ಅರ್ಧ ಕೇಳಿ ತೀರ್ಪು ಕೊಡುವವರಲ್ಲ. ಸನೋಬರ್ ತನ್ನ ಜನ್ಮದಲ್ಲೇ ಅಷ್ಟು ಉದ್ದ ಮಾತಾಡಿರಲಿಲ್ಲ. ಕೂಲ್‌ಡೌನು, ಕೋಟಾ, ಇರ್ಲಿ, ಒಂದನ್ನೂ ಬಿಡದೆ ಹೇಳಿದಳು. ಅವರು ಪೂರ್ತಿ ಕೇಳಿಸಿಕೊಂಡು, ‘ಇನ್ನೊಂದು ತಾಸು ಬಾಗಿಲು ತಗೀರಿ. ನಿಮ್ಮ ಕಂಪನಿ ವಿಚಾರ ಸೋಮವಾರ ಮಾತಾಡೋಣ’ ಎಂದರು. ಆ ಸೋಮವಾರದ ಮಾತು ಏನಾಗಬಹುದೆಂದು ಮಹೇಂದ್ರರ ಮುಖವೇ ಹೇಳುತ್ತಿತ್ತು.

ಬಾಗಿಲು ತೆರೆಯಿತು. ಪುಟದ ಮುಂದೆ ಕಾದು ಕೂತಿದ್ದವರೆಲ್ಲ ಒಳಗೆ ಬಂದರು. ಸೋತು ಎದ್ದು ಹೋದವರಿಗೆ ಮಾತ್ರ ಬಾಗಿಲು ತೆರೆದದ್ದು ಹೇಗೆ ತಿಳಿಯಬೇಕು? ಸನೋಬರ್, ದಿನೇಶ ಇಬ್ಬರೂ ಅವರ ನಂಬರು ಹುಡುಕಿ ಫೋನು ಮಾಡತೊಡಗಿದರು. ಮಹೇಂದ್ರರೂ ಕುರ್ಚಿ ಎಳೆದುಕೊಂಡು ಕೂತು, ಬೈಯುತ್ತಲೇ ಒಂದೊಂದು ನಂಬರು ಒತ್ತಿದರು.

ಕಡರನಾಯಕನಹಳ್ಳಿಯ ರೇವತಿ ಎಂಬ ಹುಡುಗಿ ಬಹಳ ಹೊತ್ತಿನ ಮೇಲೆ ಫೋನೆತ್ತಿದಳು. ಹಿಂದಿನಿಂದ ಪಾತ್ರೆ ತಿಕ್ಕುವ ಸದ್ದು ಬರುತ್ತಿತ್ತು.

‘ಯಾಕಮ್ಮ, ಪರೀಕ್ಷೆ ಬಿಟ್ಟು ಎದ್ದು ಹೋದಿ?’ ಎಂದಳು ಸನೋಬರ್.

‘ನಮ್ಮ ಫೋನು ಹಳೇದ್ರಿ ಮೇಡಂ. ಅದಕ್ಕೇ ಆಗ್ಲಿಲ್ಲ. ನಂಗಿದು ಆಗಿಬರೋದಲ್ಲ ಅಂತ ಸುಮ್ನಾದೆ.’



‘ನಿನ್ನ ಫೋನಿಗೆ ಏನೂ ಆಗಿಲ್ಲ, ನಿಂಗೂ ಏನೂ ಆಗಿಲ್ಲ. ತಪ್ಪು ನಂದು. ಕೈ ಒರೆಸ್ಕೊಂಡು ಬಾ, ನೀನು ಒಳಗೆ ಹೋಗೋ ತನಕ ನಾನು ಫೋನ್ ಇಡಲ್ಲ.’