ಮುಖ ಓದುವ ಹೆಡ್‌ಮಾಸ್ತರು

ಹೊರ್ತಿಯ ನಮ್ಮ ಶಾಲೆಯ ಹೆಡ್‌ಮಾಸ್ತರು ಶಂಕ್ರೆಪ್ಪನವರಿಗೆ ಸಾಕ್ಷಿ, ಪುರಾವೆ ಯಾವುದೂ ಬೇಕಿರಲಿಲ್ಲ. ಮುಖ ನೋಡಿದರೆ ಸುಳ್ಳು ಗೊತ್ತಾಗಿಬಿಡುತ್ತದಂತೆ! 2005ರಲ್ಲಿ ಬಿಸಿಯೂಟದ ಕೋಣೆಯಿಂದ ಅಕ್ಕಿ ಚೀಲ ಮಾಯವಾಯಿತು. ಕೀಲಿ ಇದ್ದದ್ದು ಮೂವರ ಹತ್ತಿರ: ಅವರು, ನಾನು, ಅಡುಗೆಯ ಹುಲಿಗೆವ್ವ. ಮುಖ ನೋಡಿಸಿಕೊಂಡವಳು ಹುಲಿಗೆವ್ವ ಒಬ್ಬಳೇ. ಹೆದರಿ ಬೆವರಿದಳು, ಕಳ್ಳಿಯಾದಳು. ಆಕೆಯನ್ನು ಕೆಲಸದಿಂದ ತೆಗೆಯುವ ಕಾಗದಕ್ಕೆ ಅವರು ಸಹಿ ಹಾಕಿದರು. ಬಿಸಿಯೂಟದ ಉಸ್ತುವಾರಿಯ ಟೀಚರಾದ ನನ್ನ ಸಹಿಯೊಂದು ಬಾಕಿ ಇತ್ತು. ಆದರೂ ಸಿಂದಗಿಯ ಶಿಕ್ಷಕರ ತರಬೇತಿಗೆ ರೊಟ್ಟಿ ಬಡಿಯಲು ಅದೇ ಕಳ್ಳಿ ಬೇಕಾದಳು.

ಅಲ್ಲಿ ತರಬೇತುದಾರ ಒಂದು ಆಟದ ಡಬ್ಬಿ ತಂದಿದ್ದ. ಹದಿಮೂರು ಜನ ಬೇಕು, ಒಬ್ಬರು ಕಡಿಮೆ ಬಿದ್ದರೆಂದು ಹುಲಿಗೆವ್ವನನ್ನೂ ಕೂರಿಸಿದರು. ಗುಟ್ಟಾಗಿ ಒಬ್ಬೊಬ್ಬರಿಗೂ ಇಸ್ಪೀಟಿನಂಥ ಒಂದೊಂದು ಎಲೆ ಹಂಚಿದ: ಮೂವರು ತೋಳಗಳು, ಒಬ್ಬ ಪತ್ತೇದಾರ, ಉಳಿದವರು ಊರವರು. ‘ರಾತ್ರಿ’ ಎಂದಾಗ ಎಲ್ಲರೂ ಕಣ್ಣು ಮುಚ್ಚಬೇಕು. ತೋಳಗಳು ಕಣ್ಣು ತೆರೆದು ಒಬ್ಬರನ್ನು ಕೊಲ್ಲುತ್ತವೆ. ಆಮೇಲೆ ಪತ್ತೇದಾರ ಒಬ್ಬರತ್ತ ಬೆರಳು ತೋರಿದರೆ, ಅವರು ತೋಳವೋ ಅಲ್ಲವೋ ಎಂದು ಆಟ ನಡೆಸುವವನು ತಲೆಯಾಡಿಸಿ ತಿಳಿಸುತ್ತಾನೆ. ಹಗಲಾದರೆ ಮಾತು, ಜಗಳ, ಕೈಯೆತ್ತಿ ಒಬ್ಬರನ್ನು ಹೊರಹಾಕಿ ಅವರ ಎಲೆ ತಿರುಗಿಸುವುದು. ತೋಳಗಳು ಉಳಿದವರಿಗೆ ಸಮವಾದರೆ ಅವೇ ಗೆದ್ದಂತೆ. ಸತ್ತವರು ಕಣ್ಣು ಬಿಟ್ಟು ನೋಡಬಹುದು, ಬಾಯಿ ಬಿಡುವಂತಿಲ್ಲ. ಮೊದಲ ರಾತ್ರಿಯೇ ಸತ್ತ ನನಗೆ ಆ ನಿಯಮ ದೊಡ್ಡ ಶಿಕ್ಷೆಯಾಯಿತು.

ನಾಲ್ಕನೆಯ ಹಗಲಿಗೆ ಶಂಕ್ರೆಪ್ಪನವರು, ಹುಲಿಗೆವ್ವ ಸೇರಿ ಆರು ಜನ ಉಳಿದರು, ಅವರಲ್ಲಿ ಇಬ್ಬರು ತೋಳಗಳು. ತಪ್ಪಾಗಿ ಊರವರೊಬ್ಬರನ್ನು ಹೊರಹಾಕಿದರೆ ಐದು, ರಾತ್ರಿ ಕಳೆದರೆ ನಾಲ್ಕು, ಇಬ್ಬರಿಗಿಬ್ಬರು ಸಮ, ಅಲ್ಲಿಗೆ ಮುಗಿಯಿತು. ಹುಲಿಗೆವ್ವ ಸೆರಗಿನಿಂದ ಬೆವರೊರೆಸಿಕೊಳ್ಳುತ್ತ ಹೇಳಿದಳು: “ನಾನ ಪತ್ತೇದಾರ ಅದೀನ್ರಿ. ಮೊದಲ ರಾತ್ರಿ ಮೀರಾಸಾಬರನ್ನ ನೋಡಿದೆ, ತೋಳ. ಈಗ ಸಂಜೀವಕುಮಾರ ಸರ್ ಸೈತ ತೋಳ ಅದಾರ್ರಿ.”

ಇಂಡಿ ಊರಿನ ಶಿಕ್ಷಕ ಸಂಜೀವಕುಮಾರ ತಣ್ಣಗೆ ನಕ್ಕ. “ಸುಳ್ಳು. ಪತ್ತೇದಾರ ನಾನು. ಶಂಕ್ರೆಪ್ಪ ಸರ್‌ನ ನೋಡೇನಿ, ಒಳ್ಳೆಯವರು ಅದಾರ. ಈಕಿ ತೋಳ.”

ಪತ್ತೇದಾರನ ಎಲೆ ಇರುವುದು ಒಂದೇ, ಹಾಗಾಗಿ ಇಬ್ಬರಲ್ಲಿ ಒಬ್ಬರದು ಸುಳ್ಳು. ಮೊದಲ ಹಗಲು ಮೀರಾಸಾಬನ ವಿರುದ್ಧ ಮೊದಲು ಕೈಯೆತ್ತಿದವಳು ಹುಲಿಗೆವ್ವ, ಅವನ ಎಲೆ ತಿರುಗಿಸಿದಾಗ ತೋಳವೇ ಇತ್ತು. ಸಂಜೀವಕುಮಾರ ಅವತ್ತು ಬೇರೊಬ್ಬರ ವಿರುದ್ಧ ಕೈಯೆತ್ತಿದ್ದ. ಯಾರು ಯಾರ ವಿರುದ್ಧ ಕೈಯೆತ್ತಿದರು ಎಂದು ನೆನೆಸಿಕೊಂಡಿದ್ದರೆ ಎರಡನೆಯ ಇಯತ್ತೆಯ ಮಕ್ಕಳೂ ತೋಳ ಹಿಡಿಯುತ್ತಿದ್ದರು. ನಮ್ಮ ಪಂಡಿತ ಶಂಕ್ರೆಪ್ಪನವರು ನೆನೆಸಿಕೊಳ್ಳಲಿಲ್ಲ, ಮುಖ ನೋಡಿದರು. ತಮ್ಮನ್ನು ಒಳ್ಳೆಯವರೆಂದವನ ಮುಖ ಅವರಿಗೆ ಚಂದವೇ ಕಂಡಿತು.

“ಬೆವರಾಕತ್ತಾಳ ನೋಡ್ರಿ! ಈಕೀನ ತೋಳ!”

ಎಲ್ಲರೂ ಅವರ ಹಿಂದೆ ಕೈಯೆತ್ತಿದರು. ಹುಲಿಗೆವ್ವನ ಎಲೆ ತಿರುಗಿಸಿದರೆ ಪತ್ತೇದಾರ. ಮರುರಾತ್ರಿ ತೋಳಗಳು ಶಂಕ್ರೆಪ್ಪನವರನ್ನೇ ತಿಂದು ಗೆದ್ದವು. ನನಗೆ ನಗು ಬರಲಿಲ್ಲ, ಸಿಟ್ಟು ಬಂತು.

“ಖರೇ ಹೇಳಾಕಿ ಕಳ್ಳರ ಮಾರಿ ಮಾಡಿದ್ರ ನಾ ಏನ್ ಮಾಡ್ಲಿ?” ಎಂದು ಗೊಣಗುತ್ತ ಆಟ ಮುಗಿದ ಮೇಲೆ ನನ್ನ ಬಳಿ ಬಂದ ಶಂಕ್ರೆಪ್ಪನವರು, ನಾಚಿಕೆಯಿಲ್ಲದೆ ಹುಲಿಗೆವ್ವನನ್ನು ತೆಗೆಯುವ ಅದೇ ಕಾಗದ ಚಾಚಿದರು. “ಸಹಿ ಹಾಕ್ರಿ, ದಾನೇಶ್ವರಿ ಟೀಚರ್.”

“ಮೂರು ಕೀಲಿ ಅದಾವ್ರಿ ಸರ್. ಒಂದು ನಿಮ್ಮ ಕಿಸೇದಾಗ ಐತಿ. ನಿಮ್ಮ ಮಾರಿ ಯಾರು ನೋಡ್ಯಾರ್ರಿ?”

ಅವರು ಕರವಸ್ತ್ರ ತೆಗೆದು ಹಣೆ ಒರೆಸಿಕೊಂಡರು. ಅಡುಗೆ ಕೋಣೆಯ ಬಾಗಿಲಲ್ಲಿ ಹುಲಿಗೆವ್ವ ನಿಂತಿದ್ದಳು.

“ಸರ್,” ಎಂದಳು ಮೆಲ್ಲಗೆ, “ನೀವೂ ಬೆವರಾಕತ್ತೀರಿ.”

ಕಾಗದ ಮಡಚಿಕೊಂಡು ಕಿಸೆಗೆ ಸೇರಿತು. ಮತ್ತೆಂದೂ ಹೊರಬರಲಿಲ್ಲ.