ಗಿರಿಜಾಳ ಗಂಡನ ಕಾರಿನಲ್ಲಿ ಜಡಿಗೇನಹಳ್ಳಿಗೆ

ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ಮಗ್ಗಗಳ ಸದ್ದು ಆಗತಾನೇ ಶುರುವಾಗಿತ್ತು. ಅದನ್ನೂ ಮೀರಿಸಿ ಕಾರಿನ ಹಾರನ್ ಕೇಳಿತು. ಗಿರಿಜಾ ಮತ್ತು ಅವಳ ಗಂಡ ಪ್ರಕಾಶ್ ಬಂದಿದ್ದರು.

ಗಿರಿಜಾ ನನ್ನ ಜೊತೆ ಒಂದೇ ಬೆಂಚಿನಲ್ಲಿ ಕೂತು ಓದಿದವಳು. ಎದೆಯ ಗಡ್ಡೆ ತೆಗೆಸಿಕೊಂಡು, ಸುಧಾರಿಸಿಕೊಳ್ಳಲು ಜಡಿಗೇನಹಳ್ಳಿಯ ಅಕ್ಕನ ಮನೆಗೆ ಹೊರಟಿದ್ದಳು. ನನ್ನನ್ನೂ ಜೊತೆಗೆ ಕರೆದಿದ್ದಳು. ಅವಳ ಪಕ್ಕ ಕೂರುವ ಆಸೆ ಎಷ್ಟಿತ್ತೋ, ಪ್ರಕಾಶ್ ಜೊತೆ ಅಷ್ಟು ಹೊತ್ತು ಕಳೆಯಬೇಕಲ್ಲ ಎಂಬ ಬೇಸರವೂ ಅಷ್ಟೇ ಇತ್ತು. ಅವರ ಮಾತಿನ ಧಾಟಿಯೇ ನನಗೆ ಆಗುವುದಿಲ್ಲ. ಎಲ್ಲರನ್ನೂ ಚುಚ್ಚುತ್ತಾರೆ, ಹೆಂಡತಿಯನ್ನು ಕೇಳಿದ ಪ್ರಶ್ನೆಗೂ ತಾವೇ ಉತ್ತರ ಹೇಳುತ್ತಾರೆ. ನಮ್ಮ ಇನ್ನೊಬ್ಬ ಗೆಳತಿ ಲತಾ ಒಮ್ಮೆ, "ಇಂಥೋನ ಜೊತೆ ಹೆಂಗೆ ಬಾಳ್ತೀಯೇ?" ಎಂದುಬಿಟ್ಟಳು. ಅಂದಿನಿಂದ ಗಿರಿಜಾ ಅವಳ ಫೋನ್ ಎತ್ತುವುದನ್ನೇ ಬಿಟ್ಟಳು. ಈಗ ಅವಳಿಗೆ ಉಳಿದವಳು ನಾನೊಬ್ಬಳೇ.

"ಏನ್ ಮೇಡಂ, ನಿಮ್ ಮಗ್ಗ ಒಂದಿನ ನಿಂತ್ರೆ ದೇಶದ್ ಹೆಂಗಸ್ರೆಲ್ಲಾ ಸೀರೆ ಇಲ್ದೆ ಕೂರ್ತಾರಾ?" ಎಂದರು ಪ್ರಕಾಶ್.

ಚುಚ್ಚುಮಾತಿಗೆ ಚುಚ್ಚುಮಾತು ಆಡಬಾರದು, ನಗು ಬಾರದ ಮಾತಿಗೆ ನಗಲೂ ಬಾರದು ಎಂದು ಮೊದಲೇ ನಿಶ್ಚಯಿಸಿದ್ದೆ. "ನಮಸ್ಕಾರ ಪ್ರಕಾಶಣ್ಣ. ಅಷ್ಟು ದೂರದಿಂದ ಸುತ್ಕೊಂಡ್ ಬಂದು ಕರ್ಕೊಂಡ್ ಹೋಗ್ತಿದೀರಲ್ಲ, ತುಂಬಾ ಉಪಕಾರ ಆಯ್ತು" ಎಂದೆ. ಅದು ನಿಜವಾದ ಮಾತು, ಹೇಳಲು ಕಷ್ಟವಾಗಲಿಲ್ಲ.

ದೇವನಹಳ್ಳಿಯ ದಾರಿಯಲ್ಲಿ ಮೋಡ ಕವಿದಿತ್ತು. ದ್ರಾಕ್ಷಿ ತೋಟಗಳ ನಡುವೆ ಲೇಔಟ್‌ಗಳ ಬೋರ್ಡು. ಒಂದು ಹಂಪ್ ಮೇಲೆ ಕಾರು ಎಗರಿದಾಗ ಗಿರಿಜಾ ಕಂಕುಳ ಹಿಡಿದುಕೊಂಡಳು.

"ನೋವಾಯ್ತೇನೇ?" ಎಂದೆ.

"ಅವ್ಳಿಗೆಂಥ ನೋವು? ಆಪರೇಷನ್ ಚೆನ್ನಾಗಾಗಿದೆ ಅಂತ ಡಾಕ್ಟ್ರೇ ಹೇಳಿದಾರೆ" ಎಂದರು ಪ್ರಕಾಶ್.

ಖಾರವಾದ ಮಾತೊಂದು ನಾಲಿಗೆಯ ತುದಿಗೆ ಬಂತು. ಅದನ್ನು ಆಡಿದ್ದರೆ, ಹಸಿ ಗಾಯ ಹೊತ್ತ ಗಿರಿಜಾ ನಮ್ಮಿಬ್ಬರಲ್ಲಿ ಒಬ್ಬರ ಪಕ್ಷ ವಹಿಸಬೇಕಾಗುತ್ತಿತ್ತು. "ಹೊಲಿಗೆ ಇನ್ನೂ ಹಸಿ ಅಲ್ವಾ ಅಣ್ಣ, ಹಂಪ್ ಬಂದ್ರೆ ಎಳೆಯುತ್ತೆ. ಸ್ವಲ್ಪ ನಿಧಾನ ಮಾಡ್ತೀರಾ?" ಎಂದೆ. ಅವರು ಏನೋ ಗೊಣಗಿದರು. ಆದರೆ ಆಮೇಲೆ ಪ್ರತಿ ಹಂಪ್‌ಗೂ ಕಾರು ತೆವಳಿತು.

ದೇವನಹಳ್ಳಿಯ ಹೋಟೆಲಿನಲ್ಲಿ, "ಇವ್ಳಿಗೆ ಇಡ್ಲಿ" ಎಂದು ಅವರೇ ಹೇಳಿದರು. ನಾನು ಗಿರಿಜಾಳ ಕಡೆ ತಿರುಗಿ, "ನಿಂಗೇನ್ ಬೇಕೇ?" ಎಂದೆ. "ಉಪ್ಪಿಟ್ಟು" ಎಂದಳು. ಉಪ್ಪಿಟ್ಟೇ ಬಂತು. ಪ್ರಕಾಶ್ ಮೋಟಾರು ರಿಪೇರಿ ಮಾಡುವವರು. ನಮ್ಮ ಮಗ್ಗದ ಮೋಟಾರು ಯಾಕೆ ಬಿಸಿಯಾಗುತ್ತದೆ ಎಂದು ಕೇಳಿದೆ. ಕಾಫಿ ಮುಗಿಯುವವರೆಗೂ ಒಂದೇ ಒಂದು ಚುಚ್ಚು ಮಾತಿಲ್ಲದೆ ವಿವರಿಸಿದರು. ನಾವಿಬ್ಬರೂ ಬೇಸರವಿಲ್ಲದೆ ಮಾತಾಡಲು ಅಷ್ಟಾದರೂ ವಿಷಯ ಸಿಕ್ಕಿತು.

ಬೂದಿಗೆರೆಯಲ್ಲಿ ಎಳನೀರು ತರಲು ಅವರು ಇಳಿದು ಹೋದಾಗ ಗಿರಿಜಾ ಕಿಟಕಿಯಾಚೆ ನೋಡುತ್ತಲೇ ಕೇಳಿದಳು: "ನಿಂಗೆ ಇವ್ರನ್ನ ಕಂಡ್ರೆ ಆಗಲ್ಲ, ಅಲ್ವೇನೇ?"

"ನಂಗೂ ಅವ್ರಿಗೂ ಹೊಂದಲ್ಲ ಕಣೇ. ಅದಕ್ಕೆ ನೀನೇನೂ ಮಾಡ್ಬೇಕಾಗಿಲ್ಲ. ಒಂದ್ ಮಾತ್ರ ಹೇಳು, ನಿಂಗೆ ಅವ್ರ ಹತ್ರ ಭಯ ಆಗೋ ಹಾಗೇನಾದ್ರೂ ಇದ್ಯಾ? ಇದ್ರೆ ನಾನು ಸುಮ್ನೆ ಕೂರಲ್ಲ."

ಅವಳು ಕಿಟಕಿಯಿಂದ ನನ್ನ ಕಡೆ ತಿರುಗಿದಳು. "ಭಯ ಇಲ್ಲ. ಬಾಯಿ ಜಾಸ್ತಿ, ಬೇಜಾರಾಗುತ್ತೆ. ಆದ್ರೆ ಗಾಯಕ್ಕೆ ಹಾಕಿದ್ದ ಕೊಳವೆಯಿಂದ ರಕ್ತ ತುಂಬೋ ಚೀಲಾನ ದಿನಾ ಖಾಲಿ ಮಾಡ್ತಿದ್ದೋರು ಇವ್ರೇ. ಮುಖ ಸಿಂಡರಿಸ್ಲಿಲ್ಲ." ನನ್ನ ಕೈ ಹಿಡಿದಳು. "ನೀನು ಬರೋದು ನಿಲ್ಲಿಸ್ಬೇಡ ಕಣೇ."

"ಬರ್ತೀನಿ."

ಜಡಿಗೇನಹಳ್ಳಿಯಲ್ಲಿ ಅಕ್ಕ ಮುದ್ದೆ, ಬಸ್ಸಾರು ಬಡಿಸಿದರು. ಊಟವಾದ ಮೇಲೆ ಹೊಸಕೋಟೆಯವರೆಗೆ ನನ್ನನ್ನು ಬಿಡಲು ಪ್ರಕಾಶ್ ಹೊರಟರು. ಗಿರಿಜಾ ಇಲ್ಲದ ಕಾರಿನಲ್ಲಿ ಅವರು ಮತ್ತೆ ಮತ್ತೆ ಕಣ್ಣುಜ್ಜಿಕೊಳ್ಳುತ್ತಿದ್ದರು. ಕೊನೆಗೆ ಕೇಳಿದೆ: "ರಾತ್ರಿ ನಿಮಗೆ ನಿದ್ದೆ ಬರ್ತಿದ್ಯಾ ಅಣ್ಣ?"

"ಆ ಗಡ್ಡೆ ಕ್ಯಾನ್ಸರೋ ಅಲ್ವೋ ಅಂತ ರಿಪೋರ್ಟ್ ಬರೋವರ್ಗೂ ಎಲ್ಲಿ ನಿದ್ದೆ? ಅವ್ಳಿಗೆ ಹೇಳ್ಬೇಡಿ."

"ನಾನಾಗಿ ಹೇಳಲ್ಲ. ಆದ್ರೆ ಅವ್ಳೇ ಕೇಳಿದ್ರೆ ಸುಳ್ಳು ಹೇಳಲ್ಲ. ನೀವೇ ಹೇಳಿದ್ರೆ ಅವ್ಳಿಗೂ ಹಗುರ ಆಗುತ್ತೆ."

"ಅದೇ ಹೆಂಗಸ್ರ ಹಣೆಬರಹ, ಎಲ್ಲಾನೂ ಊರಿಗೆಲ್ಲಾ ಸಾರ್ಬೇಕು."

"ಈ ಮಾತು ನಂಗೆ ಹಿಡಿಸ್ಲಿಲ್ಲ ಅಣ್ಣ" ಎಂದೆ, ದನಿ ಏರಿಸದೆ.

ಅವರ ಕಿವಿ ಕೆಂಪಾಯಿತು. ಬಸ್ ನಿಲ್ದಾಣದ ಮುಂದೆ ಎಂಜಿನ್ ಆರಿಸಿ, ಸ್ಟೀರಿಂಗನ್ನೇ ನೋಡುತ್ತಾ ಹೇಳಿದರು: "ರಿಪೋರ್ಟ್ ತಗೊಳ್ಳೋ ದಿನ ಆಸ್ಪತ್ರೆಗೆ ಬರ್ತೀರಾ? ನಂಗೊಬ್ಬಂಗೇ ಆಗಲ್ಲ."

"ಮೂರು ಜನಾನೂ ಒಟ್ಟಿಗೇ ಹೋಗೋಣ ಅಣ್ಣ."

ಸರ್ಕಾರಿ ಬಸ್ಸು ಹತ್ತಿ ಆಧಾರ್ ತೋರಿಸಿ, ಹೆಂಗಸರಿಗೆ ಕೊಡುವ ದುಡ್ಡಿಲ್ಲದ ಟಿಕೆಟ್ ತೆಗೆದುಕೊಂಡೆ. ಬಸ್ಸು ತಿರುಗುವಾಗ ಹಿಂದಕ್ಕೆ ನೋಡಿದೆ. ಪ್ರಕಾಶ್ ಆಗಲೇ ಯಾವನೋ ಆಟೋದವನ ಮೇಲೆ ಕೂಗಾಡುತ್ತಿದ್ದರು. ಆ ಮನುಷ್ಯ ನನಗೆ ಆಗಲೂ ಇಷ್ಟವಾಗಲಿಲ್ಲ. ಕಿಟಕಿಯಿಂದ ಕೈ ಹೊರಚಾಚಿ, ಅವರು ನೋಡುವವರೆಗೂ ಬೀಸಿದೆ.